ಪಿಎಫ್ ಮುಟ್ಟದೆ ಮಗಳನ್ನು ಎಂಜಿನಿಯರಿಂಗ್ ಓದಿಸಿದ ಲೆಕ್ಕ

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ನನಗೆ ಐವತ್ತು ವರ್ಷ, ನಿವೃತ್ತಿಗೆ ಇನ್ನು ಎಂಟು. ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್ ಸೇರಿ 14 ಲಕ್ಷ ಬೇಕಿತ್ತು. ಅವಳ ಹೆಸರಿನಲ್ಲಿ ಕೂಡಿಟ್ಟಿದ್ದು 8 ಲಕ್ಷ. ಉಳಿದ 6 ಲಕ್ಷ ನನ್ನ ಪಿಎಫ್ ಖಾತೆಯಲ್ಲಿತ್ತು. ಮಕ್ಕಳ ಓದಿಗೆಂದು ಅದನ್ನು ತೆಗೆಯಲು ಆಗಿನ ನಿಯಮದಲ್ಲಿ ಅವಕಾಶವೂ ಇತ್ತು.

'ನಿನ್ನ ದುಡ್ಡೇ ಇರುವಾಗ ಮಗುವಿನ ತಲೆಗೆ ಸಾಲ ಕಟ್ಟುತ್ತೀಯಲ್ಲೋ' ಎಂದರು ಅಮ್ಮ. ಬಡ್ಡಿಯನ್ನಷ್ಟೇ ನೋಡಿದರೆ ಅವರ ಮಾತು ತಪ್ಪಲ್ಲ. ಪಿಎಫ್ ನೀಡುತ್ತಿದ್ದುದು ಸುಮಾರು ಶೇ 8, ಶಿಕ್ಷಣ ಸಾಲಕ್ಕೆ ಬ್ಯಾಂಕ್ ಕೇಳಿದ್ದು ಶೇ 10. ಆದರೆ ಪಿಎಫ್‌ನಿಂದ ಹೀಗೆ ತೆಗೆದ ಹಣವನ್ನು ಮರಳಿ ತುಂಬುವಂತೆ ಯಾರೂ ನೋಟಿಸ್ ಕಳಿಸುವುದಿಲ್ಲ. ಸಾಲಕ್ಕಾದರೆ ತಿಂಗಳ ಕಂತು ಬಂದೇ ಬರುತ್ತದೆ. ಅಲ್ಲೇ ಬಿಟ್ಟರೆ ಆ 6 ಲಕ್ಷ ನಿವೃತ್ತಿಯ ವೇಳೆಗೆ ಸುಮಾರು 11 ಲಕ್ಷವಾಗುತ್ತಿತ್ತು. ಮಗಳಿಗೆ ಓದಲು ಸಾಲ ಸಿಗುತ್ತದೆ, ನನಗೆ ಮುಪ್ಪಿನಲ್ಲಿ ಊಟ ಮಾಡಲು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಹಾಗಾಗಿ ಮಗಳು ಸಾಲಗಾರ್ತಿ, ನಾನು ಸಹ-ಸಾಲಗಾರ ಎಂದು ಅರ್ಜಿ ಹಾಕಿದೆವು. ಮೊತ್ತ ಏಳೂವರೆ ಲಕ್ಷದೊಳಗಿದ್ದುದರಿಂದ ಮನೆಪತ್ರ ಅಡವಿಡಬೇಕಾಗಲಿಲ್ಲ. 6 ಲಕ್ಷವನ್ನು ಒಮ್ಮೆಗೇ ಎತ್ತದೆ, ಪ್ರತಿ ವರ್ಷ ಕೂಡಿಟ್ಟದ್ದರಿಂದ 2 ಲಕ್ಷ, ಸಾಲದಿಂದ ಒಂದೂವರೆ ಲಕ್ಷ ಕಟ್ಟಿದೆವು. ಬಿಡುಗಡೆಯಾದ ಹಣಕ್ಕಷ್ಟೇ ಬಡ್ಡಿ. ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ, ಕೊನೆಯ ವರ್ಷ 5,000. ಓದು ಮುಗಿಯುವವರೆಗೆ ಏನನ್ನೂ ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳಿದ್ದರು. ಕಟ್ಟದಿದ್ದರೆ ನಾಲ್ಕು ವರ್ಷದ ಒಂದೂವರೆ ಲಕ್ಷ ಬಡ್ಡಿ ಅಸಲಿಗೆ ಸೇರಿ ಮಗಳ ಕಂತು ಏರುತ್ತಿತ್ತು. ಅದಕ್ಕೇ ಬಡ್ಡಿಯನ್ನು ತಿಂಗಳು ತಿಂಗಳು ನಾನೇ ತೀರಿಸಿದೆ.

ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದಿದ್ದರಿಂದ 80ಇ ಕಲಮಿನಡಿ ಆ ಬಡ್ಡಿಗೆ ವಿನಾಯಿತಿ ಸಿಕ್ಕಿತು. ಶೇ 20ರ ಹಂತದಲ್ಲಿದ್ದ ನನಗೆ ಶೇ 10ರ ಸಾಲ ಹೆಚ್ಚುಕಡಿಮೆ ಶೇ 8ಕ್ಕೆ ಇಳಿದಂತಾಯಿತು. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ಹಳೆಯದರಲ್ಲೂ ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದ ಎಂಟು ವರ್ಷಕ್ಕಷ್ಟೇ. ಅಸಲಿಗೆ ಏನೂ ಇಲ್ಲ.

ಓದು ಮುಗಿದ ಮೇಲಿನ ಏಳು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 9,960 ರೂಪಾಯಿ. ನನ್ನ ನಿವೃತ್ತಿಯನ್ನೂ ದಾಟಿ ಹೋಗುವ ಸಾಲವಾದ್ದರಿಂದ, ಕಂತು ಅವಳ ಸಂಬಳದಿಂದಲೇ ಹೋಗಬೇಕೆಂದು ಸಹಿ ಹಾಕುವ ಮೊದಲೇ ಮಾತಾಡಿಕೊಂಡಿದ್ದೆವು. ಅವಳು ಕೆಲಸಕ್ಕೆ ಸೇರಿದ ತಿಂಗಳಿಂದ, ನಾನು ಬಡ್ಡಿಗೆ ಕೊಡುತ್ತಿದ್ದ 5,000 ರೂಪಾಯಿಯನ್ನು ಸಂಬಳದಲ್ಲೇ ಹಿಡಿದು ಸ್ವಯಂಪ್ರೇರಿತ ಪಿಎಫ್‌ಗೆ ಹಾಕುವಂತೆ ಕಚೇರಿಗೆ ಬರೆದುಕೊಟ್ಟೆ.

ಕೆಲಸ ತಡವಾದರೆ ಎಂಬ ಭಯವಿತ್ತು. ಸಹ-ಸಾಲಗಾರನಾದ ನನ್ನ ಮೇಲೇ ಬ್ಯಾಂಕ್ ಬರುತ್ತದೆ. ಆರು ಕಂತಿನಷ್ಟು, ಅಂದರೆ 60,000 ರೂಪಾಯಿಯನ್ನು ಬೇರೆ ಠೇವಣಿಯಲ್ಲಿಟ್ಟಿದ್ದೇನೆ. ಸಾಲ ತೀರುವವರೆಗೆ ಅದು ಅಲ್ಲೇ ಇರುತ್ತದೆ.