ತೀರ್ಪಿನ ಕಡೀ ಪ್ಯಾರಾ ಓದ್ರಿ: ಸಂತ್ರಸ್ತರ ಪರಿಹಾರ ಪಡಿಯೋದು ಹ್ಯಾಂಗ

ಅತ್ಯಾಚಾರದ ಕೇಸಿನಾಗ ನೊಂದಾಕಿಗೆ ಸರ್ಕಾರದ ಫಂಡಿನಿಂದ ಪರಿಹಾರ ಐತಿ ಅನ್ನೋದು ಈಗ ಸುಮಾರು ಮಂದಿಗೆ ಗೊತ್ತು, ಆದ್ರ ಕೇಸ್ ಮುಗೀಲಿ ಆಮ್ಯಾಲೆ ನೋಡೋಣು ಅಂತ ಕುಂತು ವರ್ಷಗಟ್ಟಲೆ ಕಳ್ಕೊಳ್ಳೋ ಮನೆಗಳನ್ನ ನೋಡಿ ನೋಡಿ ಇದನ್ನ ಬರೀಲಿಕ್ಕತ್ತೀನಿ.

ಮೊದಲ್ನೇದು, ಎಫ್‌ಐಆರ್ ಆದ ಕೂಡ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕ ಅರ್ಜಿ ಹಾಕ್ರಿ. ಗದಗ, ಹಾವೇರಿಯವರಿಗೆ ಅಲ್ಲಲ್ಲೇ ಐತಿ, ಹುಬ್ಬಳ್ಳಿಯವರು ಧಾರವಾಡಕ್ಕ ಹೋಗಬೇಕು. ಎಫ್‌ಐಆರ್, ಮೆಡಿಕಲ್ ರಿಪೋರ್ಟ್, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಸಾಕು. ತೀರ್ಪಿಗೆ ಕಾಯದ ಮಧ್ಯಂತರ ಪರಿಹಾರ ಕೇಳಬಹುದು, ಆರೋಪಿ ಸಿಗದಿದ್ರೂ ಅರ್ಜಿ ನಡೀತದ. ಕೋರ್ಟ್ ಹೊರಗ ಪರ್ಸೆಂಟೇಜ್ ಮಾತಾಡೋರ ಹತ್ರ ಹೋಗಲೇಬ್ಯಾಡ್ರಿ, ಹೆಣ್ಣುಮಕ್ಕಳಿಗೆ ಪ್ರಾಧಿಕಾರದಿಂದಲೇ ವಕೀಲರು ಪುಕ್ಕಟೆ.

ಈಗ ಎಲ್ಲಾರೂ ಎಡವೋ ಜಾಗ. ಹಾವೇರಿ ಕಡೆ ಒಬ್ಬಾಕಿ ಅಂತ ಹಿಡೀರಿ, ಆರೋಪಿಗೆ ಶಿಕ್ಷೆ ಆತು, 50,000 ದಂಡ, ಅದ್ರಾಗ 40,000 ಆಕಿಗೆ ಕೊಡ್ರಿ ಅಂತ ಜಡ್ಜ್ ಬರದ್ರು. ಮನಿಯವರು ಪರಿಹಾರ ಬಂತು ಅಂದ್ಕೊಂಡು ಸುಮ್ನಾಗ್ತಾರ. ಆದ್ರ ಅದು ಕ್ರಿಮಿನಲ್ ಕೇಸು ನಡಿಸೋ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 395ರ ರೊಕ್ಕ, ಹಳೇ ಸಿಆರ್‌ಪಿಸಿ 357. ಆರೋಪಿ ದಂಡ ತುಂಬಿದ್ರ ಮಾತ್ರ ಅದು ಸಿಗೋದು, ಅವ ಧಾರವಾಡ ಹೈಕೋರ್ಟ್ ಪೀಠಕ್ಕ ಅಪೀಲ್ ಹೋದ ಅಂದ್ರ ಅದು ತೀರ್ಮಾನ ಆಗೋತನಕ ರೊಕ್ಕ ಕೊಡಂಗಿಲ್ಲ. ಸರ್ಕಾರದ ಫಂಡು ಬ್ಯಾರೇನ, ಅದು ಸೆಕ್ಷನ್ 396, ಹಳೇದು 357ಎ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಅಂದ್ರ ನಾಲ್ಸಾದ 2018ರ ಸ್ಕೀಮಿನಾಗ ಅತ್ಯಾಚಾರಕ್ಕ 4ರಿಂದ 7 ಲಕ್ಷ ಐತಿ, ಅಂದ್ರ ಆ 40,000ಕ್ಕೂ ಇದಕ್ಕೂ ಎಷ್ಟು ಫರಕ್ ನೋಡ್ರಿ.

ಅದಕ್ಕ ತೀರ್ಪಿನ ಕಾಪಿ ಕೈಗೆ ಬಂದ ದಿನಾನೇ ಕಡೀಗಿರೋ ಆದೇಶದ ಭಾಗ ಓದ್ರಿ. ಪರಿಹಾರ ನಿಗದಿಗೆ ಪ್ರಾಧಿಕಾರಕ್ಕ ಶಿಫಾರಸು ಮಾಡೀವಿ ಅಂತ ಐತೇನು? ಭಾಳ ತೀರ್ಪಿನಾಗ ಈ ಸಾಲೇ ಇರಂಗಿಲ್ಲ. ಹೆಣ್ಣುಮಕ್ಕಳು, ಸಣ್ಣ ಹುಡುಗರ ಮ್ಯಾಲಿನ ಲೈಂಗಿಕ ದೌರ್ಜನ್ಯದ ಕೇಸಿನಾಗ ಸೆಷನ್ಸ್ ಕೋರ್ಟ್ ಪರಿಹಾರಕ್ಕ ಆದೇಶ ಮಾಡ್ಲೇಬೇಕು ಅಂತ 2024ರ ನವೆಂಬರ್‌ನಾಗ ಸುಪ್ರೀಂ ಕೋರ್ಟ್ ಹೇಳೈತಿ. ನನ್ನ ಕೇಳಿದ್ರ, ತೀರ್ಪಿಗೆ ಮೊದ್ಲೇ ಸರ್ಕಾರಿ ವಕೀಲರ ಕೈಲೆ ಇದನ್ನ ಬರವಣಿಗೆಯೊಳಗ ಕೇಳಿಸ್ರಿ, ಬಾಯಿಮಾತು ಬ್ಯಾಡ. ಆರೋಪಿ ಖುಲಾಸೆ ಆದ್ರೂ ಕೋರ್ಟ್ ಶಿಫಾರಸು ಮಾಡಬಹುದು, ಇದನ್ನ ಯಾರೂ ಕೇಳೋದೇ ಇಲ್ಲ.

ಜಡ್ಜ್ ಶಿಫಾರಸು ಮಾಡಿದ್ರೂ ಆ ಕಾಗದ ಪ್ರಾಧಿಕಾರಕ್ಕ ಮುಟ್ಟಿದ್ದು ಗ್ಯಾರಂಟಿ ಇಲ್ಲ. ನೀವೇ ಸರ್ಟಿಫೈಡ್ ಕಾಪಿ ಒಯ್ದು ಇನ್‌ವರ್ಡ್ ನಂಬರ್, ಸೀಲ್ ಹಾಕಿಸ್ಕೊಳ್ರಿ. ಕಾನೂನಿನ ಪ್ರಕಾರ ವಿಚಾರಣೆ 2 ತಿಂಗಳಾಗ ಮುಗೀಬೇಕು, ಮುಗೀದಿದ್ರ ಆ ನಂಬರ್ ಹಿಡ್ಕೊಂಡೇ ನೀವು ಬೆನ್ನತ್ತಬೇಕಾಗ್ತದ.

ಮಂಜೂರಾದ ಮ್ಯಾಲೆ ಪೂರ್ತಿ ರೊಕ್ಕ ಒಮ್ಮೆಲೇ ಕೈಗೆ ಬರಂಗಿಲ್ಲ. ನಾಲ್ಸಾ ಸ್ಕೀಮಿನಾಗ ಶೇ 75 ಕನಿಷ್ಠ 3 ವರ್ಷ ಎಫ್‌ಡಿ, ದವಾಖಾನಿ ಇಲ್ಲಾ ಓದಿನ ಖರ್ಚಿಗೆ ಬೇಕಂದ್ರ ಮುರಿಸ್ಲಿಕ್ಕೆ ಪ್ರಾಧಿಕಾರಕ್ಕೇ ಅರ್ಜಿ ಕೊಡ್ರಿ. ಖಾತೆ ಆಕಿ ಹೆಸರಿಲೇನೇ ಇರ್ಲಿ, ಅಣ್ಣಂದೋ ಗಂಡಂದೋ ಬ್ಯಾಡ.