ಸಂವತ್ಸರಿಗೆ ಮುಂಚೆ ಒಂದೇ ಮನೆ: ನಾನು ಕ್ಷಮೆ ಕೇಳುವ ಕ್ರಮ

ನಮ್ಮ ಶ್ವೇತಾಂಬರ ಜೈನರ ಪರ್ಯೂಷಣ ಪರ್ವದ ಎಂಟನೆಯ, ಕೊನೆಯ ದಿನವಾದ ಸಂವತ್ಸರಿಯಂದು ನಾಲ್ಕುನೂರು ಜನರಿಗೆ ಕ್ಷಮೆ ಕೇಳುವ ‘ಮಿಚ್ಛಾಮಿ ದುಕ್ಕಡಂ’ ಕಳಿಸುವುದನ್ನು ಬಿಟ್ಟು, ನಿಜವಾಗಿ ಮನಸ್ತಾಪ ಇರುವ ಒಬ್ಬರ ಮನೆಗೆ ಹೋಗುತ್ತೇನೆ ಎಂದಾಗ ನಮ್ಮ ಹಿರಿಯರು ಒಪ್ಪಲಿಲ್ಲ. ತಪ್ಪನ್ನು ಹೆಸರಿಟ್ಟು ಹೇಳಿದರೆ ಆರಿದ ಬೆಂಕಿಯನ್ನು ಕೆದಕಿದ ಹಾಗೆ ಎಂದರು. ಆ ಕೆಂಡ ಆರಿರಲಿಲ್ಲ, ಬೂದಿ ಮುಚ್ಚಿತ್ತು. ಈ ಕ್ರಮದಿಂದ ಈವರೆಗೆ ಮನಸ್ತಾಪದಿಂದ ಮುಚ್ಚಿದ್ದ ಐದು ಖಾತೆ ಮತ್ತೆ ತೆರೆದಿವೆ, ಒಂದು ಮಾತ್ರ ತೆರೆದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಪ್ರಯೋಗಗಳು. ಅಚ್ಚು ಹಾಕಿಸಿದ ಕಾರ್ಡಿಗೆ ಒಂದು ವರ್ಷ ನಾಲ್ಕೈದು ಸಾವಿರ ಹೋಯಿತು, ಜಗಳವಿದ್ದವರಿಂದ ಒಂದು ಉತ್ತರವೂ ಬರಲಿಲ್ಲ. ಇನ್ನೊಂದು ವರ್ಷ ಖುದ್ದಾಗಿ ಹೋಗಿ ‘ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ’ ಎಂದೆ. ಆ ‘ಆಗಿದ್ದರೆ’ ಎಂಬ ಮಾತೇ ಕೆಲಸ ಕೆಡಿಸಿತು. ತಪ್ಪು ಆಗಿದೆಯೋ ಇಲ್ಲವೋ ಎಂಬ ತೀರ್ಪನ್ನು ಎದುರಿನವರ ತಲೆಗೆ ಹೊರಿಸಿದಂತಾಯಿತು.

ದಿನ ಆರಿಸುವುದೂ ಮುಖ್ಯ. ಸಂವತ್ಸರಿ ಭಾದ್ರಪದ ಶುದ್ಧ ಚೌತಿ, ನಮ್ಮಲ್ಲಿ ಕೆಲವು ಪಂಥಗಳಿಗೆ ಪಂಚಮಿ. ಹುಬ್ಬಳ್ಳಿಯಲ್ಲಿ ಚೌತಿ ಅಂದರೆ ಗಣಪತಿ ತರುವ ದಿನ. ದುರ್ಗದಬೈಲಿನ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ನಮಗೆ ಉಪವಾಸ, ಸಂಜೆ ತಪ್ಪುಗಳನ್ನು ನೆನೆದು ಪಶ್ಚಾತ್ತಾಪ ಪಡುವ ಮೂರು ತಾಸಿನ ಪ್ರತಿಕ್ರಮಣ. ಬಾಯಿ ಒಣಗಿ ತಲೆ ನೋಯುವಾಗ ಎದುರಿನವರು ಒಂದು ಖಾರದ ಮಾತು ಆಡಿದರೆ ತಡೆದುಕೊಳ್ಳುವುದು ಕಷ್ಟ. ಆದ್ದರಿಂದ ನಾನು ಆರನೆಯ ದಿನ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಮನೆಗೇ ಹೋಗುತ್ತೇನೆ. ಅಂಗಡಿಗೆ ಹೋದರೆ ಗಿರಾಕಿಯ ಎದುರು ಅವರು ‘ಆತು ಬಿಡ್ರಿ’ ಎನ್ನಲೇಬೇಕಾಗುತ್ತದೆ, ಆ ಮಾತಿಗೆ ಬೆಲೆಯಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಬ್ಯಾಡಗಿಯ ಒಬ್ಬ ಹಿರಿಯ ವ್ಯಾಪಾರಿಯಿಂದ ಸುಮಾರು 60 ಚೀಲ ಮೆಣಸಿನಕಾಯಿ ಬಂದಿತ್ತು. ಬೇಸಿಗೆಯಲ್ಲಿ ಗೋದಾಮಿನಲ್ಲಿ ತೂಗಿದಾಗ ಚೀಲಕ್ಕೆ ಒಂದು ಕಿಲೋದಷ್ಟು ಕಡಿಮೆ. ಸುಮಾರು 12 ಸಾವಿರ ರೂಪಾಯಿ ಮುರಿದುಕೊಂಡೆ, ಹಮಾಲರ ಎದುರು ಆ ವ್ಯಾಪಾರಿಯ ತೂಕದ ಕಾಟಾ ಸರಿಯಿಲ್ಲ ಎಂದೂ ಅಂದೆ. ಕಾಯಿ ತುಸು ಹಸಿ ಇದ್ದಾಗ ತೂಗಿದ್ದು, ಒಣಗಿ ಹಗುರಾಗಿತ್ತು. ಕಾಟಾದ್ದೇನೂ ತಪ್ಪಿರಲಿಲ್ಲ.

ಇಲ್ಲಿ ತಪ್ಪು ಎರಡು, ಹಣದ್ದು ಮತ್ತು ಮಾತಿನದು. ಇವೆರಡನ್ನೂ ಒಂದೇ ದಿನ ತೀರಿಸಬಾರದು. ಹಿಂದೊಮ್ಮೆ ಬೇರೊಬ್ಬರ ಮನೆಗೆ ಲಕೋಟೆ ಹಿಡಿದುಕೊಂಡೇ ಹೋಗಿದ್ದೆ. ಕ್ಷಮೆಯನ್ನು ಖರೀದಿಸಲು ಬಂದಿದ್ದೀಯಾ ಎಂದು ಎದ್ದು ಒಳಗೆ ಹೋದರು. ತೆರೆಯದೆ ಉಳಿದ ಖಾತೆ ಅದೇ. ಆದ್ದರಿಂದ ಈ ಬಾರಿ ಹಣವನ್ನು ಪರ್ಯೂಷಣದ ಮೊದಲ ದಿನವೇ ಅವರ ಖಾತೆಗೆ ಹಾಕಿ, ಕಿರ್ದಿಯಲ್ಲಿ ‘ತಪ್ಪಾಗಿ ಮುರಿದದ್ದು ವಾಪಸ್’ ಎಂದು ಬರೆದೆ. ಮನೆಗೆ ಬರಿಗೈಲಿ ಹೋದೆ, ಆದರೆ ಆ ದಿನ ಅಲ್ಲಿದ್ದ ಒಬ್ಬ ಹಮಾಲನನ್ನು ಜೊತೆಗೆ ಕರೆದುಕೊಂಡು. ಅವಮಾನ ಯಾರ ಎದುರು ಆಗಿತ್ತೋ ಅವರ ಎದುರಿಗೇ ಅದು ಅಳಿಯಬೇಕು.

ಆಡಿದ್ದು ಮೂರೇ ಮಾತು. ‘ಕಾಕಾ, ಇವರ ಮುಂದ ನಿಮ್ಮ ಕಾಟಾ ಸರಿಯಿಲ್ಲ ಅಂದಿದ್ದೆ. ಅದು ಸುಳ್ಳು, ಕಾಯಿ ಒಣಗಿ ತೂಕ ಇಳಿದಿತ್ತು. ತಪ್ಪು ನಂದು, ಮಿಚ್ಛಾಮಿ ದುಕ್ಕಡಂ.’ ‘ಆದರ’ ಎಂಬ ಪದ ಬರಕೂಡದು, ‘ನೀವೂ ಅವತ್ತ’ ಅಂತೂ ಬರಲೇಬಾರದು. ಮೂರನೆಯ ಮಾತಾದ ಮೇಲೆ ನಾನು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಮಾಡತೊಡಗಿದರೆ ಅದೂ ಕಾರ್ಡಿನಂತಾಗುತ್ತದೆ.

ಫಲಿಸಿತೋ ಇಲ್ಲವೋ ತಿಳಿಯಲು ಒಂದು ಗುರುತಿದೆ. ತಕ್ಷಣ ‘ಏನೂ ಇಲ್ಲ ಬಿಡ್ರಿ’ ಎಂದರೆ ಇನ್ನೂ ಇದೆ ಎಂದೇ ಅರ್ಥ. ಈ ಕಾಕಾ ಬಹಳ ಹೊತ್ತು ಸುಮ್ಮನೆ ಕೂತು, ‘ಅವತ್ತ ನನಗ ಊಟ ಸೇರಲಿಲ್ಲ ನೋಡು’ ಎಂದರು. ನೋವನ್ನು ಹೊರಗೆ ಹಾಕಿದರೆ ಗಂಟು ಸಡಿಲಾದ ಹಾಗೆ. ಆಗ ಸಮರ್ಥನೆ ಕೊಡದೆ ಕೇಳಿಸಿಕೊಳ್ಳುತ್ತಾ ಕೂರಬೇಕು, ಅರ್ಧ ತಾಸಾದರೂ ಸರಿ.

ಯಾರು ಮೊದಲು ಹೋಗಬೇಕೆಂಬ ವಾದವೂ ಏಳುತ್ತದೆ. ನಮ್ಮ ಧರ್ಮಗ್ರಂಥ ಕಲ್ಪಸೂತ್ರದಲ್ಲಿ, ಆಚಾರದ ನಿಯಮಗಳಿರುವ ಸಾಮಾಚಾರಿ ಭಾಗದಲ್ಲಿ ಸಾಧುಗಳಿಗೆ ಹೇಳಿದ್ದು ಸ್ಪಷ್ಟವಾಗಿದೆ: ಕಿರಿಯನು ಹಿರಿಯನನ್ನು ಕೇಳಲಿ, ಹಿರಿಯನೂ ಕಿರಿಯನನ್ನು ಕೇಳಲಿ, ಶಾಂತನಾದವನಿಗೆ ಆರಾಧನೆ ಉಂಟು, ಆಗದವನಿಗೆ ಇಲ್ಲ. ಹಾಗಾಗಿ ಎದುರಿನವರು ಬಾಗಿಲು ಮುಚ್ಚಿದರೂ ನಮ್ಮ ಪಾಲಿನದು ಮುಗಿಯುತ್ತದೆ. ಆದರೆ ನನ್ನ ಮನಸ್ಸೂ ಶಾಂತವಾಗಿರಬೇಕು, ‘ಕೇಳಿದರೂ ಕ್ಷಮಿಸಲಿಲ್ಲ’ ಎಂದು ಹೊಸ ಸಿಟ್ಟು ಹೊತ್ತು ಬಂದರೆ ಲೆಕ್ಕ ಮತ್ತೆ ಶುರುವಾದಂತೆ.

ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ದಿಗಂಬರ ಗೆಳೆಯರೊಬ್ಬರಿಗೆ ನಮ್ಮ ಸಂವತ್ಸರಿಯಂದು ಹೋಗದೆ, ಅವರ ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ, ಅವರು ಕ್ಷಮೆ ಕೇಳುವ ಕ್ಷಮಾವಣಿಯ ದಿನ ಹೋದೆ. ಅವರೂ ಕೇಳಲು ಸಿದ್ಧರಾಗಿದ್ದರಿಂದ ಮಾತು ಹಗುರವಾಗಿ ಸಾಗಿತು. ಆದರೆ ಅದಕ್ಕೂ ಮುಂಚೆ ನಮ್ಮ ಸಂವತ್ಸರಿಯ ಪ್ರತಿಕ್ರಮಣದಲ್ಲಿ, 40 ಸಲ ಲೋಗಸ್ಸ ಸ್ತುತಿಯನ್ನು ಮನಸ್ಸಿನಲ್ಲೇ ಹೇಳುತ್ತಾ ಅಲುಗದೆ ನಿಲ್ಲುವ ಕಾಯೋತ್ಸರ್ಗಕ್ಕೆ ನಿಂತಾಗ ಅವರ ಮುಖವೇ ಕಣ್ಣ ಮುಂದೆ ಬಂದು ಎಣಿಕೆ ಎರಡು ಸಲ ತಪ್ಪಿತು. ಅಂದಿನಿಂದ ಅವರ ಮನೆಗೂ ಆರನೆಯ ದಿನವೇ ಹೋಗುತ್ತೇನೆ.