ಮೂರನೇ ರಿಮೈಂಡರ್‌ಗೆ ಮುಂಚೆ ಸ್ಟೋರ್ಸ್‌ಗೊಂದು ಫೋನ್

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಬಾಕಿ ವಸೂಲಿ ನನ್ನ ಪಾಲಿನ ಕೆಲಸ. ಮೊದಲೆಲ್ಲ ಡ್ಯೂ ಡೇಟ್ ದಾಟಿದ ಮೇಲೆ ವಾರಕ್ಕೊಂದು ಇಮೇಲ್ ಹಾಕುತ್ತಿದ್ದೆ. ಮೂರ್ನಾಲ್ಕಕ್ಕೂ ಉತ್ತರ ಬರದಿದ್ದರೆ ಸಿಟ್ಟಿನಲ್ಲೇ ಫೋನ್ ಎತ್ತುತ್ತಿದ್ದೆ.

ಒಂದು ಬಿಲ್ಲು ಈ ಅಭ್ಯಾಸ ಬಿಡಿಸಿತು. ಜಿಎಸ್‌ಟಿ ಸೇರಿ 1,18,000 ರೂಪಾಯಿ, 30 ದಿನದ ಕ್ರೆಡಿಟ್. ಮಾಲು ಜೂನ್ 3ಕ್ಕೆ ಗಿರಾಕಿ ಕಂಪನಿಗೆ ತಲುಪಿತ್ತು. ಜುಲೈ ಮೊದಲ ವಾರ ಎರಡು ಮೇಲ್ ಹಾಕಿದರೂ ಸದ್ದಿಲ್ಲ. 9ರಂದು ಫೋನ್ ಮಾಡಿದೆ. ಅಕೌಂಟ್ಸ್‌ನ ಮೇಡಂ, "ಸರ್, ನಿಮ್ಮ ಬಿಲ್ ನನ್ನ ಟೇಬಲ್ಲಿಗೇ ಬಂದಿಲ್ಲ. ಜಿಆರ್‌ಎನ್ ಆಗಿಲ್ಲವಲ್ಲ" ಅಂದರು. ಜಿಆರ್‌ಎನ್ ಅಂದರೆ ಮಾಲು ಬಂದು ಸರಿಯಿದೆ ಎಂದು ಸ್ಟೋರ್ಸ್‌ನವರು ಮಾಡುವ ಎಂಟ್ರಿ. ಅದಿಲ್ಲದೆ ಬಿಲ್ ಪಾಸಾಗುವುದಿಲ್ಲ. ಸ್ಟೋರ್ಸ್‌ಗೆ ಕೇಳಿದರೆ, ಬಾಕ್ಸಿನಲ್ಲಿ ನಮ್ಮ ಇನ್‌ಸ್ಪೆಕ್ಷನ್ ರಿಪೋರ್ಟ್ ಇರಲಿಲ್ಲವಂತೆ! ಸಂಜೆಯೇ ಕಳಿಸಿದೆ. ಆದರೆ 10ನೇ ತಾರೀಖಿನ ಪೇಮೆಂಟ್ ಪಟ್ಟಿ ಅಷ್ಟರಲ್ಲಿ ಮುಗಿದಿತ್ತು, ದುಡ್ಡು ಬಂದದ್ದು 25ಕ್ಕೆ. ಉತ್ತರ ಗೊತ್ತಿದ್ದವರು ಸ್ಟೋರ್ಸ್‌ನಲ್ಲಿದ್ದರು, ನಾನು ಬರೆಯುತ್ತಿದ್ದದ್ದು ಅಕೌಂಟ್ಸ್‌ಗೆ.

ಈಗ ಮಾಲು ತಲುಪಿದ ನಾಲ್ಕನೇ ದಿನ ಪಿಒ ನಂಬರ್ ಹಾಕಿ ಒಂದೇ ಸಾಲಿನ ಮೇಲ್ ಹಾಕುತ್ತೇನೆ: "ಜಿಆರ್‌ಎನ್ ಆಯಿತೇ?" ಎರಡು ಕೆಲಸದ ದಿನ ಕಾಯುತ್ತೇನೆ. ಉತ್ತರ ಇಲ್ಲದಿದ್ದರೆ ಫೋನು, ಅದೂ ಸ್ಟೋರ್ಸ್‌ಗೆ. ದುಡ್ಡಿನ ಮಾತೇ ಎತ್ತುವುದಿಲ್ಲ, ಜಿಆರ್‌ಎನ್ ನಂಬರ್ ಬರೆದುಕೊಂಡು ಇಡುತ್ತೇನೆ. ಡ್ಯೂ ಡೇಟಿಗೆ ಮುಂಚೆ ಆ ನಂಬರ್ ಸಮೇತ ಅಕೌಂಟ್ಸ್‌ಗೆ ಇಮೇಲ್ ಹೋಗುತ್ತದೆ. ಎರಡನೇ ಫೋನು ಡ್ಯೂ ಡೇಟ್ ನೋಡಿ ಅಲ್ಲ, ಅವರ ಪೇಮೆಂಟ್ ಪಟ್ಟಿ ತಯಾರಾಗುವುದಕ್ಕೆ ಎರಡು ದಿನ ಮೊದಲು. ಆ ದಿನ ಯಾವುದೆಂದು ಕೇಳಿದರೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಸಾಮಾನ್ಯವಾಗಿ ತಿಂಗಳ 7ನೇ ತಾರೀಖು ಅವರು ಟಿಡಿಎಸ್ ಕಟ್ಟಬೇಕು, 11 ಮತ್ತು 20ರಂದು ಜಿಎಸ್‌ಟಿ ರಿಟರ್ನ್. ಆ ದಿನಗಳಲ್ಲಿ ಅಕೌಂಟ್ಸ್‌ಗೆ ಫೋನ್ ಮಾಡಿದರೆ "ಮೇಲ್ ಹಾಕಿ ಸರ್" ಎಂಬ ಉತ್ತರ ಖಾಯಂ.

ವಾಟ್ಸಾಪ್ ಅವರಾಗೇ ಕೇಳಿದರೆ ಮಾತ್ರ. ಒಮ್ಮೆ ರಾತ್ರಿ ಒಂಬತ್ತಕ್ಕೆ ಒಬ್ಬರ ಸ್ವಂತ ನಂಬರಿಗೆ ಬಿಲ್ ಕಳಿಸಿದ್ದೆ. ನೀಲಿ ಟಿಕ್ ಬಂತು, ಆಮೇಲೆ ಎರಡು ವಾರ ಅವರು ನನ್ನ ಫೋನೇ ಎತ್ತಲಿಲ್ಲ. ತಪ್ಪು ನನ್ನದೇ.

ರಿಜೆಕ್ಷನ್ ಅಂತಲೋ ರೇಟ್ ವ್ಯತ್ಯಾಸ ಅಂತಲೋ ದುಡ್ಡು ಕಡಿತ ಮಾಡುವ ಮಾತು ಫೋನಿನಲ್ಲಿ ಬಂದರೆ ಅಲ್ಲೇ ನಿಲ್ಲಿಸಿ ಮತ್ತೆ ಇಮೇಲ್‌ಗೆ ಬರುತ್ತೇನೆ: "ಈಗ ಮಾತಾಡಿದ ಪ್ರಕಾರ ಇಷ್ಟು ಪೀಸ್, ಇಷ್ಟು ರೂಪಾಯಿ." ಎಂಎಸ್‌ಎಂಇ ಕಾಯ್ದೆಯ 45 ದಿನದ ಮಿತಿ ದಾಟಿದಾಗಲೂ ಹಾಗೇ. ಮುಂದೆ ದೂರು ಕೊಡಬೇಕಾದರೆ ಕೈಯಲ್ಲಿ ಕಾಗದ ಬೇಕು, ಕಾಲ್ ಲಾಗ್ ತೋರಿಸಿ ಏನು ವಾದ ಮಾಡಲಿ?